ಚಾಲಕನ ಗಂಟೆಗಳ ಲೆಕ್ಕ ಯಾರ ಪುಸ್ತಕದಲ್ಲಿದೆ?

ನಮ್ಮ ಮಾಸಪತ್ರಿಕೆಯ ಈ ಪುಟಗಳಲ್ಲಿ ಸಾಮಾನ್ಯವಾಗಿ ತೆರಿಗೆ, ವಿದ್ಯುತ್ ದರ, ಬ್ಯಾಂಕ್ ಸಾಲ ಇವುಗಳ ಕುರಿತು ಚರ್ಚೆ ನಡೆಯುತ್ತದೆ. ಈ ಬಾರಿ ನಮ್ಮ ಯಾರ ವೇತನ ಪಟ್ಟಿಯಲ್ಲೂ ಇಲ್ಲದ, ಆದರೆ ದಿನವೂ ನಮ್ಮ ಸರಕನ್ನು ಹೊತ್ತು ತಿರುಗುವ ಒಬ್ಬ ವ್ಯಕ್ತಿಯ ಕೆಲಸದ ಗಂಟೆಗಳ ಬಗ್ಗೆ ಬರೆಯಲು ಬಯಸುತ್ತೇನೆ. ಮೊಬೈಲ್ ಆ್ಯಪ್‌ಗಳ ಮೂಲಕ ಬಾಡಿಗೆಗೆ ಬರುವ ಸರಕು ಆಟೋ ಚಾಲಕರೇ ಆ ವ್ಯಕ್ತಿ. ಬೆಂಗಳೂರಿನ ಪೀಣ್ಯದಿಂದ ಚಿಕ್ಕಪೇಟೆಯವರೆಗೆ ಸಣ್ಣ ಪ್ರಮಾಣದ ಸರಕು ಸಾಗಣೆಯ ದೊಡ್ಡ ಪಾಲನ್ನು ಇಂದು ಇಂತಹವರೇ ನಿರ್ವಹಿಸುತ್ತಿದ್ದಾರೆಂಬುದು ಸದಸ್ಯರಿಗೆ ತಿಳಿದೇ ಇದೆ.

ಕೆಲವು ತಿಂಗಳ ಹಿಂದೆ ಒಂದು ರಾತ್ರಿ 8.40ರ ಸುಮಾರಿಗೆ ನಮ್ಮ ಘಟಕದ ಗೇಟಿನೊಳಗೆ ಬರುತ್ತಿದ್ದ ಸರಕು ಆಟೋ ಒಂದು ಕಂಬಕ್ಕೆ ಉಜ್ಜಿಕೊಂಡು ನಿಂತಿತು. ಎರಡು ಪೆಟ್ಟಿಗೆಗಳು ಕೆಳಗುರುಳಿ, ಒಳಗಿದ್ದ ಬಿಡಿಭಾಗಗಳಲ್ಲಿ ಒಂದಷ್ಟು ನಿರುಪಯುಕ್ತವಾದವು. ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಚಾಲಕರು ನಮಗೆ ಅಪರಿಚಿತರೇನಲ್ಲ. ಅಂದು ಬೆಳಿಗ್ಗೆಯೇ ನಮ್ಮ ಕಚ್ಚಾ ಸಾಮಗ್ರಿಯನ್ನು ಅವರೇ ತಂದಿಳಿಸಿದ್ದರು. ‘ಕಣ್ಣು ಒಂದು ಕ್ಷಣ ಮುಚ್ಚಿತು ಸಾರ್’ ಎಂದು ಅವರು ಒಪ್ಪಿಕೊಂಡರು. ‘ಬೆಳಿಗ್ಗೆಯಿಂದ ಎಷ್ಟು ಗಂಟೆ ಓಡಿಸಿದ್ದೀರಿ?’ ಎಂದು ಕೇಳಿದಾಗ ಅವರು ಮೊಬೈಲ್ ತೆರೆದು ಒಂದು ಆ್ಯಪ್ ತೋರಿಸಿದರು, ಅನಂತರ ಇನ್ನೊಂದನ್ನು ತೋರಿಸಿದರು. ಎರಡೂ ಬೇರೆ ಬೇರೆ ಸಂಖ್ಯೆಗಳನ್ನು ಹೇಳುತ್ತಿದ್ದವು. ನಮ್ಮ ಬೆಳಗಿನ ಬಾಡಿಗೆ ಎರಡರಲ್ಲೂ ಇರಲಿಲ್ಲ. ತಾನು ಒಟ್ಟು ಎಷ್ಟು ದುಡಿದಿದ್ದೇನೆಂಬುದು ಸ್ವತಃ ಅವರಿಗೇ ತಿಳಿದಿರಲಿಲ್ಲ.

ಮರುದಿನ ನಾವಿಬ್ಬರೂ ಕುಳಿತು ಆ ದಿನದ ಲೆಕ್ಕ ಹಾಕಿದೆವು. ಅವರು ಮನೆ ಬಿಟ್ಟದ್ದು ಬೆಳಿಗ್ಗೆ 6.15ಕ್ಕೆ. 6.45ರಿಂದ 8.30ರವರೆಗೆ ನಮ್ಮ ನೇರ ಬಾಡಿಗೆ. ಮೊದಲ ಆ್ಯಪ್ 8.30ರಿಂದ ಮಧ್ಯಾಹ್ನ 2ರವರೆಗೆ, ಮತ್ತೆ ಸಂಜೆ 4.30ರಿಂದ 8.30ರವರೆಗೆ ತೆರೆದಿತ್ತು, ಅಂದರೆ ಒಂಬತ್ತೂವರೆ ಗಂಟೆ. ಎರಡನೆಯ ಆ್ಯಪ್ 10ರಿಂದ 3.30ರವರೆಗೆ, ಮತ್ತೆ 5ರಿಂದ 9ರವರೆಗೆ ತೆರೆದಿತ್ತು. ಅದೂ ಒಂಬತ್ತೂವರೆ ಗಂಟೆ. ಎರಡನ್ನೂ ಕೂಡಿಸಿದರೆ 19 ಗಂಟೆಯಾಗುತ್ತದೆ. ಒಂದನ್ನೇ ನೋಡಿದರೆ ಒಂಬತ್ತೂವರೆ. ಎರಡೂ ತಪ್ಪು. ಬಾಡಿಗೆ ಎಲ್ಲಿಂದ ಮೊದಲು ಬಂದರೂ ಸರಿ ಎಂದು ಚಾಲಕರು ಎರಡು ಆ್ಯಪ್‌ಗಳನ್ನೂ ಏಕಕಾಲಕ್ಕೆ ತೆರೆದಿಡುವುದು ವಾಡಿಕೆ. ಆದ್ದರಿಂದ ಒಂದರ ಮೇಲೊಂದು ಬೀಳುವ ಅವಧಿಯನ್ನು ಒಮ್ಮೆ ಮಾತ್ರ ಎಣಿಸಬೇಕು. ಹಾಗೆ ಎಣಿಸಿದಾಗ 8.30ರಿಂದ 3.30ರವರೆಗೆ ಏಳು ಗಂಟೆ, 4.30ರಿಂದ 9ರವರೆಗೆ ನಾಲ್ಕೂವರೆ ಗಂಟೆ, ಒಟ್ಟು ಹನ್ನೊಂದೂವರೆ ಗಂಟೆ ಸಿಕ್ಕಿತು. ಇದಕ್ಕೆ ನಮ್ಮ ಬಾಡಿಗೆಯ ಒಂದೂಮುಕ್ಕಾಲು ಗಂಟೆ, ಮನೆಯಿಂದ ಬಂದ ಅರ್ಧ ಗಂಟೆ ಹಾಗೂ ಮನೆಗೆ ಮರಳಿದ ಮುಕ್ಕಾಲು ಗಂಟೆ ಸೇರಿಸಿದರೆ ಹದಿನಾಲ್ಕೂವರೆ ಗಂಟೆ. ಮಧ್ಯಾಹ್ನ 3.30ರಿಂದ ಒಂದು ಗಂಟೆ ಊಟ ಹಾಗೂ ವಾಹನದಲ್ಲೇ ತುಸು ನಿದ್ರೆ. ಅದಷ್ಟೇ ಅಂದಿನ ವಿಶ್ರಾಂತಿ. ರಾತ್ರಿ 9.45ಕ್ಕೆ ಮನೆ ಸೇರಿದವರು ಮರುದಿನ 6.15ಕ್ಕೆ ಮತ್ತೆ ಹೊರಟಿದ್ದರು. ನಡುವಿನ ಅವಧಿ ಎಂಟೂವರೆ ಗಂಟೆ. ಸ್ನಾನ, ಊಟ, ಮಕ್ಕಳೊಡನೆ ಎರಡು ಮಾತು, ನಿದ್ರೆ ಎಲ್ಲವೂ ಅದರೊಳಗೇ ಆಗಬೇಕು.

ಈ ಲೆಕ್ಕ ಯಾರ ಬಳಿಯೂ ಇಲ್ಲವೆಂಬುದೇ ನನ್ನ ಲೇಖನದ ಮೂಲ ವಿಷಯ. ಪ್ರತಿ ಆ್ಯಪ್ ತನ್ನ ವ್ಯವಹಾರವನ್ನಷ್ಟೇ ಕಾಣುತ್ತದೆ. ಒಂದು ಸಂಸ್ಥೆ ತನ್ನ ಚಾಲಕರು ಇಂತಿಷ್ಟು ಗಂಟೆಗಳ ನಂತರ ವಿರಮಿಸಲೆಂದು ಆ್ಯಪ್ ಮುಚ್ಚಿದರೂ ಚಾಲಕರು ಪಕ್ಕದ ಆ್ಯಪ್‌ನಲ್ಲಿ ದುಡಿಮೆ ಮುಂದುವರಿಸಬಹುದು. ಕೇಂದ್ರ ಸರ್ಕಾರವು 2020ರಲ್ಲಿ ಪ್ರಯಾಣಿಕ ವಾಹನಗಳ ಆ್ಯಪ್ ಸಂಸ್ಥೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯು ಈ ತೊಡಕನ್ನು ಗುರುತಿಸಿತ್ತು. ಚಾಲಕನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಆಗಿರಬಾರದು, ಅನಂತರ 10 ಗಂಟೆಗಳ ವಿರಾಮ ಕಡ್ಡಾಯ, ಒಂದಕ್ಕಿಂತ ಹೆಚ್ಚು ಸಂಸ್ಥೆಗಳೊಡನೆ ದುಡಿಯುವವರಿಗೂ ಈ ಮಿತಿ ಅನ್ವಯಿಸುವಂತೆ ಸಂಸ್ಥೆಗಳು ವ್ಯವಸ್ಥೆ ರೂಪಿಸಬೇಕು ಎಂದು ಅದು ತಿಳಿಸಿತ್ತು. ಆದರೆ ಪರಸ್ಪರ ಸ್ಪರ್ಧಿಗಳಾದ ಸಂಸ್ಥೆಗಳು ತಮ್ಮ ಚಾಲಕರ ವಿವರಗಳನ್ನು ಹಂಚಿಕೊಳ್ಳುವುದು ಹೇಗೆ? ಮಾರ್ಗಸೂಚಿಗಳು 2025ರಲ್ಲಿ ಪರಿಷ್ಕೃತಗೊಂಡವು. ನಮ್ಮ ಚಾಲಕರ ಮೊಬೈಲ್‌ನಲ್ಲಿಯಂತೂ ಎರಡು ಆ್ಯಪ್‌ಗಳ ಗಂಟೆಗಳನ್ನು ಒಟ್ಟುಗೂಡಿಸಿ ತೋರಿಸುವ ಯಾವ ಪುಟವೂ ನನಗೆ ಕಾಣಲಿಲ್ಲ.

ನಮ್ಮ ಕಾರ್ಖಾನೆಗಳಲ್ಲಿ ಹಾಜರಿ ಪುಸ್ತಕವಿದೆ, ಹೆಚ್ಚುವರಿ ಅವಧಿಯ ರಿಜಿಸ್ಟರ್ ಇದೆ, ವಾರಕ್ಕೆ 48 ಗಂಟೆಗಳ ಮಿತಿಯಿದೆ. ಅದನ್ನು ನಿರ್ವಹಿಸುವ ತಾಪತ್ರಯದ ಬಗ್ಗೆ ನಾವು ಆಗಾಗ ಗೊಣಗುವುದೂ ಉಂಟು. ಆದರೆ ಆ ಪುಸ್ತಕ ಇರುವುದರಿಂದಲೇ ಒಬ್ಬ ಯಂತ್ರ ನಿರ್ವಾಹಕ ಸತತ ಎರಡು ಪಾಳಿ ಮಾಡಿದ್ದಾನೆಂಬುದು ಮೇಲ್ವಿಚಾರಕರ ಗಮನಕ್ಕೆ ಬರುತ್ತದೆ. ಸರಕು ಆಟೋ ಚಾಲಕರಿಗೆ ಅಂತಹ ಮೇಲ್ವಿಚಾರಕರಿಲ್ಲ. ಆದ್ದರಿಂದ ಸದ್ಯಕ್ಕೆ ಅವರ ಹಾಜರಿ ಪುಸ್ತಕವನ್ನು ಅವರೇ ಬರೆದುಕೊಳ್ಳದೆ ಬೇರೆ ಮಾರ್ಗವಿಲ್ಲ.

ನಾವು ಆರಂಭಿಸಿದ್ದು ಹತ್ತು ರೂಪಾಯಿಯ ಒಂದು ನೋಟ್‌ಬುಕ್‌ನಿಂದ. ಆ್ಯಪ್‌ಗಳ ಗಂಟೆಗಳನ್ನು ಅದರಲ್ಲಿ ಬರೆಯುವುದೇ ಇಲ್ಲ, ಏಕೆಂದರೆ ಮೇಲೆ ಹೇಳಿದಂತೆ ಅವುಗಳನ್ನು ಕೂಡಿಸಲಾಗದು. ಬರೆಯುವುದು ಮನೆ ಬಿಟ್ಟ ಸಮಯ, ಮನೆ ಸೇರಿದ ಸಮಯ, ನಡುವೆ ಎಲ್ಲ ಆ್ಯಪ್‌ಗಳನ್ನೂ ಮುಚ್ಚಿ ಅರ್ಧ ಗಂಟೆಗೆ ಮೀರಿ ಪಡೆದ ವಿರಾಮ, ಹಾಗೂ ವಾಹನದ ಮೀಟರಿನ ಬೆಳಗಿನ ಮತ್ತು ರಾತ್ರಿಯ ಕಿಲೋಮೀಟರ್. ಇದರ ಪಕ್ಕದಲ್ಲಿ ಮೊದಲ ಆ್ಯಪ್, ಎರಡನೆಯ ಆ್ಯಪ್, ನೇರ ಬಾಡಿಗೆ ಎಂದು ಮೂರು ಕಲಂಗಳಲ್ಲಿ ಆ ದಿನದ ಸಂಪಾದನೆ. ಮರದ ನೆರಳಿನಲ್ಲಿ ಆ್ಯಪ್ ತೆರೆದು ಬಾಡಿಗೆಗೆ ಕಾಯುವ ಹೊತ್ತನ್ನು ವಿರಾಮವೆಂದು ಎಣಿಸಬೇಕೇ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಯಿತು. ಎಣಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೊಬೈಲ್ ಸದ್ದು ಮಾಡಿದ ಕೆಲವೇ ಕ್ಷಣಗಳಲ್ಲಿ ಒಪ್ಪಿಗೆ ಒತ್ತಬೇಕಾದವನು ನಿದ್ರಿಸಲಾರ. ಅಲ್ಲದೆ ಕಾಯುವ ಗಂಟೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಗಂಟೆಯ ಆದಾಯ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇಲ್ಲಿ ಎರಡು ಎಡವಟ್ಟುಗಳಾದವು. ಮೊದಲ ವಾರ ಅವರು ಸಂಪಾದನೆಯನ್ನು ಬ್ಯಾಂಕ್ ಖಾತೆಯ ಜಮೆಗಳಿಂದ ಬರೆದಿದ್ದರು. ಒಂದು ಆ್ಯಪ್ ವಾರದ ಹಣವನ್ನು ಮುಂದಿನ ವಾರದ ಮಧ್ಯದಲ್ಲಿ ಜಮೆ ಮಾಡುವುದರಿಂದ ಹೋದ ವಾರದ ದುಡಿಮೆಯ ಹಣ ಈ ವಾರದ ಗಂಟೆಗಳ ಎದುರು ಬಂದು ಕುಳಿತಿತ್ತು. ವ್ಯಾಪಾರಿಗಳಾದ ನಮಗೆ ಇದು ಹೊಸದಲ್ಲ. ಮಾರಾಟದ ದಿನಾಂಕ ಬೇರೆ, ವಸೂಲಿಯ ದಿನಾಂಕ ಬೇರೆ. ಇನ್ನೊಂದು, ಮಧ್ಯರಾತ್ರಿ ದಾಟಿದ ಬಾಡಿಗೆ. ಆ್ಯಪ್ ಅದನ್ನು ಮರುದಿನದ ಖಾತೆಗೆ ಹಾಕುತ್ತದೆ. ನೋಟ್‌ಬುಕ್‌ನಲ್ಲಿ ಅದನ್ನು ಮನೆ ಬಿಟ್ಟ ದಿನಕ್ಕೇ ಸೇರಿಸಬೇಕು. ಇಲ್ಲವಾದರೆ ದಣಿದ ದಿನ ಹಗುರವಾಗಿಯೂ ಮರುದಿನ ಭಾರವಾಗಿಯೂ ತೋರುತ್ತದೆ.

ನಾಲ್ಕು ವಾರಗಳ ನಂತರ ಪುಸ್ತಕ ಮಾತನಾಡತೊಡಗಿತು. ಅವುಗಳಲ್ಲಿ ಒಂದು ಸಾಧಾರಣ ವಾರವನ್ನು ತೆಗೆದುಕೊಳ್ಳೋಣ. ಏಳು ದಿನಗಳೂ ದುಡಿದು, ವಿರಾಮ ಕಳೆದು, ಒಟ್ಟು 79 ಗಂಟೆ. ಆ್ಯಪ್‌ಗಳ ಕಮಿಷನ್ ಕಳೆದು ಕೈಗೆ ಬಂದದ್ದು 15,000 ರೂಪಾಯಿ. ಇದನ್ನೇ ಅವರು ವಾರದ ಆದಾಯವೆಂದು ಮನೆಯಲ್ಲಿ ಹೇಳುತ್ತಿದ್ದರು. ಇದರಲ್ಲಿ ಗ್ಯಾಸ್‌ಗೆ 1,750; ತಿಂಗಳ 8,700 ರೂಪಾಯಿ ಸಾಲದ ಕಂತಿನಲ್ಲಿ ವಾರದ ಪಾಲು ಸುಮಾರು 2,000; ರಿಪೇರಿ, ಟೈರು, ವಿಮೆಗಳ ಪಾಲು 1,050; ಮೊಬೈಲ್ ಹಾಗೂ ಇತರೆ 200. ಒಟ್ಟು ಖರ್ಚು 5,000 ಹೋಗಿ ಉಳಿದದ್ದು 10,000. ಗಂಟೆಗೆ 127 ರೂಪಾಯಿಗಿಂತ ತುಸು ಕಡಿಮೆ.

ಸರಾಸರಿಗಿಂತ ದಿನವಾರು ಅಂಕಿಗಳು ಹೆಚ್ಚು ಉಪಯುಕ್ತವೆನಿಸಿದವು. ಶನಿವಾರ 13 ಗಂಟೆ ದುಡಿದು 2,700 ರೂಪಾಯಿ ಬಂದಿದ್ದರೆ, ಭಾನುವಾರ 7 ಗಂಟೆಗೆ ಬಂದದ್ದು 900 ಮಾತ್ರ. ಕೈಗಾರಿಕಾ ಪ್ರದೇಶ ಹಾಗೂ ಸಗಟು ಪೇಟೆ ಮುಚ್ಚಿರುವಾಗ ಮನೆ ಸಾಮಾನು ಸಾಗಿಸುವ ಬಾಡಿಗೆಗಳಷ್ಟೇ ಸಿಗುತ್ತವೆ. ದಿನದಿನಗಳನ್ನು ಹೋಲಿಸುವಾಗ ಸಾಲದ ಕಂತು ಮತ್ತು ವಿಮೆಯನ್ನು ಕಳೆಯಬಾರದು, ಏಕೆಂದರೆ ವಾಹನ ನಿಂತಿದ್ದರೂ ಅವು ತಪ್ಪವು. ಗ್ಯಾಸ್ ಮತ್ತು ಸವೆತವನ್ನು ಮಾತ್ರ ಕಳೆದರೆ ಶನಿವಾರ ಗಂಟೆಗೆ ಸುಮಾರು 177 ರೂಪಾಯಿ, ಭಾನುವಾರ 90 ರೂಪಾಯಿ. ಹಾಗಿದ್ದರೆ ಭಾನುವಾರ ರಜೆ ಮಾಡಬಹುದಲ್ಲವೇ?

‘ಇನ್ಸೆಂಟಿವ್ ಹೋಗುತ್ತದೆ ಸಾರ್’ ಎಂಬುದು ಅವರ ಉತ್ತರ. ಮೊದಲ ಆ್ಯಪ್‌ನಲ್ಲಿ ಸೋಮವಾರದಿಂದ ಭಾನುವಾರದೊಳಗೆ 36 ಬಾಡಿಗೆ ಮುಗಿಸಿದರೆ 800 ರೂಪಾಯಿ ಪ್ರೋತ್ಸಾಹಧನವಿತ್ತು. ಶನಿವಾರ ರಾತ್ರಿಯ ಹೊತ್ತಿಗೆ ಇವರದು 31ರಿಂದ 33ರಲ್ಲಿ ನಿಲ್ಲುತ್ತಿತ್ತು. ಉಳಿದ ಮೂರರಿಂದ ಐದು ಬಾಡಿಗೆಗಾಗಿ ಭಾನುವಾರ ಹೊರಡುವುದು. ನಾಲ್ಕು ವಾರಗಳಲ್ಲಿ ಆ 800 ದೊರೆತದ್ದು ಎರಡು ಬಾರಿ ಮಾತ್ರವೆಂದು ಪುಸ್ತಕ ತೋರಿಸಿತು. ಎರಡು ಭಾನುವಾರಗಳು ವಿಶ್ರಾಂತಿಯೂ ಇಲ್ಲದೆ, ಪ್ರೋತ್ಸಾಹಧನವೂ ಇಲ್ಲದೆ ಕಳೆದಿದ್ದವು.

ಕಾರಣವೂ ಅದೇ ಪುಟದಲ್ಲಿತ್ತು. ಎರಡನೆಯ ಆ್ಯಪ್‌ನಲ್ಲಿ ಅವರು ವಾರಕ್ಕೆ 14ರಷ್ಟು ಬಾಡಿಗೆ ಮಾಡುತ್ತಿದ್ದರು; ಅಲ್ಲಿನ ಗುರಿ ಅವರಿಗೆಂದೂ ಎಟುಕುತ್ತಿರಲಿಲ್ಲ. ಎರಡು ಆ್ಯಪ್ ತೆರೆದಿಟ್ಟರೆ ಕಾಯುವ ಸಮಯ ಕಡಿಮೆಯಾಗುವುದು ನಿಜ. ಆದರೆ ಪ್ರೋತ್ಸಾಹಧನವು ಒಂದೇ ಕಡೆ ದುಡಿದವನಿಗೆ ಸಿಗುವಂತೆ ರಚಿತವಾಗಿರುವುದರಿಂದ ದುಡಿಮೆ ಹಂಚಿಹೋದಷ್ಟೂ ಗುರಿ ವಾರದ ಕೊನೆಗೆ ತಳ್ಳಲ್ಪಡುತ್ತದೆ. ವಿಶ್ರಾಂತಿಯ ದಿನವನ್ನು ನುಂಗುತ್ತಿದ್ದದ್ದು ಇದೇ. ಮುಂದಿನ ನಾಲ್ಕು ವಾರ ಅವರು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4ರ ತನಕ ಮೊದಲ ಆ್ಯಪ್ ಮಾತ್ರ ತೆರೆದು, ಎರಡನೆಯದನ್ನು ಸಂಜೆಗೆ ಮೀಸಲಿಟ್ಟರು. ಶನಿವಾರದೊಳಗೆ 36 ಮುಟ್ಟಿದ ವಾರಗಳು ಮೂರು. ಭಾನುವಾರ ವಾಹನ ಹೊರಗೆ ತೆಗೆಯಲಿಲ್ಲ.

ಇದರಿಂದ ಆದಾಯ ಹೆಚ್ಚಿತೆಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ಭಾನುವಾರಗಳ 630 ರೂಪಾಯಿಯಂತೆ 2,520 ಹೋಯಿತು; ಹೆಚ್ಚುವರಿಯಾಗಿ ಒಂದು 800 ಬಂದಿತು. ನಿವ್ವಳ ನಷ್ಟ 1,720 ರೂಪಾಯಿ, ದೊರೆತದ್ದು 28 ಗಂಟೆಗಳ ವಿಶ್ರಾಂತಿ. ಗಂಟೆಗೆ 61 ರೂಪಾಯಿ ತೆತ್ತು ವಿಶ್ರಾಂತಿ ಕೊಂಡಂತಾಯಿತು. ಅದು ದುಬಾರಿಯೋ ಅಗ್ಗವೋ ಎಂಬುದನ್ನು ನಿರ್ಧರಿಸುವ ಹಕ್ಕು ಅವರದು, ನನ್ನದಲ್ಲ. ಆದರೆ ಮೊದಲು ಅವರಿಗೆ ಅದರ ಬೆಲೆಯೇ ತಿಳಿದಿರಲಿಲ್ಲ. ಎರಡನೆಯ ಆ್ಯಪ್‌ನಲ್ಲಿ ಹಗಲು ಕಾಣಿಸಿಕೊಳ್ಳದಿದ್ದರಿಂದ ಅಲ್ಲಿ ಬಾಡಿಗೆ ಬರುವುದು ಕಡಿಮೆಯಾಗುತ್ತಿದೆ ಎಂಬ ಅನುಮಾನವೂ ಅವರಿಗಿದೆ. ಅದನ್ನು ಪರೀಕ್ಷಿಸಲು ಹೊರಗಿನವರಿಗೆ ಮಾರ್ಗವಿಲ್ಲ.

ಇನ್ನೊಂದು ತೊಡಕು ತಿಂಗಳ ಆರಂಭದ್ದು. ಸಾಲದ ಕಂತು 5ನೇ ತಾರೀಖಿಗೆ. ಅದಕ್ಕೆ ಮುಂಚಿನ ವಾರ ಅವರು ಯಾವ ಕಾರಣಕ್ಕೂ ರಜೆ ಮಾಡುತ್ತಿರಲಿಲ್ಲ; 14 ಗಂಟೆ ಮೀರಿದ ದಿನಗಳೆಲ್ಲ ಬಹುತೇಕ ಆ ವಾರದಲ್ಲೇ ಇದ್ದವು. ಆದ್ದರಿಂದ ಕಂತನ್ನು 26 ದುಡಿಮೆಯ ದಿನಗಳಿಗೆ ಹಂಚಿದೆವು. ದಿನಕ್ಕೆ 335 ರೂಪಾಯಿ. ರಾತ್ರಿ ಮನೆ ಸೇರಿ ನೋಟ್‌ಬುಕ್ ಬರೆಯುವಾಗಲೇ ಆ ಮೊತ್ತವನ್ನು ಕಂತಿನ ಖಾತೆಗೆ ವರ್ಗಾಯಿಸುತ್ತಾರೆ. ಮೊದಲ ತಿಂಗಳು ಎರಡು ಬಾರಿ ತಪ್ಪಿತು, ಎರಡನೆಯ ತಿಂಗಳು ತಪ್ಪಲಿಲ್ಲ.

ಈಗ ನಮ್ಮ ಬಾಗಿಲಿಗೆ ಬರೋಣ. ಬಾಡಿಗೆ ಇಳಿಸುವಲ್ಲಿ ಕಾಯ್ದ ಸಮಯವನ್ನು ಎರಡನೆಯ ತಿಂಗಳಿನಿಂದ ಪ್ರತ್ಯೇಕವಾಗಿ ಬರೆಯಲು ಹೇಳಿದ್ದೆ. ವಾರಕ್ಕೆ ಸರಾಸರಿ 6 ಗಂಟೆಗಳು ಗೋದಾಮು ಹಾಗೂ ಕಾರ್ಖಾನೆಗಳ ಗೇಟಿನಲ್ಲಿ ಕಳೆದಿದ್ದವು. ಅವುಗಳಲ್ಲಿ 2 ಗಂಟೆ ನಮ್ಮದೇ ಗೇಟಿನಲ್ಲಿ. ನಮ್ಮ ಸ್ಟೋರ್ಸ್‌ನವರು ಊಟಕ್ಕೆ ಹೋಗಿದ್ದಾರೆ, ಬಿಲ್ ಇನ್ನೂ ಸಿದ್ಧವಾಗಿಲ್ಲ, ಹಮಾಲರು ಬಂದಿಲ್ಲ ಎಂಬ ಕಾರಣಗಳು. ಆ್ಯಪ್ ಮೂಲಕ ಬಂದ ಬಾಡಿಗೆಗೆ ನಿಗದಿತ ಸಮಯ ಮೀರಿದರೆ ಕಾಯುವ ಶುಲ್ಕ ಬೀಳುತ್ತದೆಂದು ನಾವು ಅವಸರ ಮಾಡುತ್ತೇವೆ. ನೇರವಾಗಿ ಕರೆದವರನ್ನು ನಿಶ್ಚಿಂತೆಯಿಂದ ನಿಲ್ಲಿಸುತ್ತೇವೆ. ಗಂಟೆಗೆ 127 ರೂಪಾಯಿ ದುಡಿಯುವವರ 6 ಗಂಟೆಯೆಂದರೆ 760 ರೂಪಾಯಿ, ಅಂದರೆ ಆ ಪ್ರೋತ್ಸಾಹಧನಕ್ಕೆ ಸಮೀಪದ ಮೊತ್ತ. ಆ್ಯಪ್ ಸಂಸ್ಥೆಗಳನ್ನು ದೂರುವ ಮೊದಲು ಅವರ ಮೂರನೆಯ ಆ್ಯಪ್ ನಾವೇ ಎಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕೆಂದು ವಿನಂತಿಸುತ್ತೇನೆ. ಉಳಿದೆರಡು ತಮ್ಮ ಗಂಟೆಗಳನ್ನಾದರೂ ದಾಖಲಿಸುತ್ತವೆ.

ಕಾನೂನಿನ ಸ್ಥಿತಿಯನ್ನೂ ಸಂಕ್ಷೇಪವಾಗಿ ಹೇಳಬೇಕು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ನೋಂದಾಯಿತ ಕಾರ್ಮಿಕನಿಗೆ ಎಲ್ಲ ಸಂಸ್ಥೆಗಳಿಗೂ ಅನ್ವಯವಾಗುವ ಒಂದೇ ಗುರುತಿನ ಸಂಖ್ಯೆ, ಪಾವತಿಗಳನ್ನು ಪರಿಶೀಲಿಸುವ ಗಣಕೀಕೃತ ವ್ಯವಸ್ಥೆ ಇವು ಅದರ ಮುಖ್ಯ ಅಂಶಗಳು. ಅಂದರೆ ಬೇರೆ ಬೇರೆ ಆ್ಯಪ್‌ಗಳ ವಹಿವಾಟು ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ಒಂದೆಡೆ ಸೇರಲು ಬೇಕಾದ ಚೌಕಟ್ಟು ಸಿದ್ಧವಾಗಿದೆ, ಆದರೆ ಅದರ ಉದ್ದೇಶ ಹಣದ ಲೆಕ್ಕ, ಗಂಟೆಯ ಲೆಕ್ಕವಲ್ಲ. ಕೇಂದ್ರ ಸರ್ಕಾರ 2025ರ ಡಿಸೆಂಬರ್ ಅಂತ್ಯದಲ್ಲಿ ಹೊರಡಿಸಿದ ಕರಡು ನಿಯಮಗಳು ಎಣಿಸಿದ್ದು ದಿನಗಳನ್ನು. ಸೌಲಭ್ಯಕ್ಕೆ ಅರ್ಹರಾಗಲು ವರ್ಷದಲ್ಲಿ ಒಂದೇ ಸಂಸ್ಥೆಯಲ್ಲಾದರೆ 90 ದಿನ, ಹಲವು ಸಂಸ್ಥೆಗಳಲ್ಲಾದರೆ 120 ದಿನ ದುಡಿದಿರಬೇಕು. ಒಂದೇ ದಿನ ಮೂರು ಸಂಸ್ಥೆಗಳಲ್ಲಿ ದುಡಿದರೆ ಮೂರು ದಿನವೆಂದು ಎಣಿಕೆ. ಅರ್ಹತೆಯ ದೃಷ್ಟಿಯಿಂದ ಇದು ಉದಾರವಾದದ್ದೇ. ಆದರೆ ದಣಿವಿನ ದೃಷ್ಟಿಯಿಂದ ನೋಡಿದರೆ ನಮ್ಮ 19 ಗಂಟೆಗಳ ತಪ್ಪು ಕೂಡಿಕೆಯೇ ಇಲ್ಲಿ ಮತ್ತೊಂದು ರೂಪದಲ್ಲಿ ಕಾಣಿಸುತ್ತದೆ.

ನ್ಯೂಯಾರ್ಕ್ ನಗರದಲ್ಲಿ ಟ್ಯಾಕ್ಸಿ ನಿಯಂತ್ರಣ ಆಯೋಗವು ಎಲ್ಲ ಸಂಸ್ಥೆಗಳಿಂದ ಪ್ರತಿ ಪ್ರಯಾಣದ ದಾಖಲೆ ಪಡೆಯುತ್ತದೆ. ಅದರ ಆಧಾರದ ಮೇಲೆ 2017ರಲ್ಲಿ ಚಾಲಕರಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಳ ಒಟ್ಟು ಮಿತಿಯನ್ನು ಅದು ಜಾರಿಗೆ ತಂದಿತು. ಅಂತಹ ಮಿತಿಯನ್ನು ಇಲ್ಲಿಯೂ ಕೂಡಲೇ ಹೇರಬೇಕೆಂದು ನಾನು ವಾದಿಸಲಾರೆ. ಕಂತು ಕಟ್ಟಬೇಕಾದವನ ಆ್ಯಪ್ ರಾತ್ರಿ 8ಕ್ಕೆ ಮುಚ್ಚಿಹೋದರೆ ಆತ ತಮ್ಮನ ಹೆಸರಿನ ಗುರುತಿನಲ್ಲಿ ವಾಹನ ಓಡಿಸುತ್ತಾನೆ. ಆಗ ಅಪಘಾತವಾದರೆ ವಿಮೆಯ ಹಣವೂ ದೊರೆಯುವುದು ಕಷ್ಟ. ಮೊದಲು ಆಗಬೇಕಾದದ್ದು ಅದಕ್ಕಿಂತ ಸರಳವಾದುದು. ಕಲ್ಯಾಣ ಶುಲ್ಕದ ಪ್ರತಿ ದಾಖಲೆಯೊಡನೆ ಬಾಡಿಗೆ ಆರಂಭವಾದ ಮತ್ತು ಮುಗಿದ ಸಮಯವನ್ನೂ ಸೇರಿಸಿ, ಎಲ್ಲ ಆ್ಯಪ್‌ಗಳ ಒಟ್ಟು ಗಂಟೆಯನ್ನು ಮೊದಲಿಗೆ ಕಾರ್ಮಿಕನಿಗೇ ತೋರಿಸಬೇಕು. ಕಾಯುವ ಹೊತ್ತು ಮತ್ತು ನಮ್ಮಂತಹವರ ನೇರ ಬಾಡಿಗೆ ಅದರಲ್ಲಿ ಬರುವುದಿಲ್ಲವಾದ್ದರಿಂದ ನೋಟ್‌ಬುಕ್ ಆಗಲೂ ಬೇಕಾಗುತ್ತದೆ.

ನಮ್ಮ ಕೈಯಲ್ಲಿರುವ ಕೆಲಸಕ್ಕೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಬಹುತೇಕ ಸದಸ್ಯರ ಘಟಕಗಳಲ್ಲಿ ವಾಹನ ಒಳಬಂದ ಮತ್ತು ಹೊರಹೋದ ಸಮಯವನ್ನು ಗೇಟ್ ರಿಜಿಸ್ಟರಿನಲ್ಲಿ ಕಾವಲುಗಾರರು ಬರೆಯುತ್ತಲೇ ಇದ್ದಾರೆ. ಅದೇ ಎರಡು ಸಮಯಗಳನ್ನು ಚಾಲಕರಿಗೆ ಕೊಡುವ ಚಲನ್ ಪ್ರತಿಯ ಮೇಲೂ ಬರೆದರೆ ಅವರ ಪುಸ್ತಕಕ್ಕೆ ಒಂದು ಸಾಕ್ಷ್ಯ ದೊರೆಯುತ್ತದೆ, ನಮಗೂ ನಮ್ಮ ವಿಳಂಬ ಕಾಣುತ್ತದೆ. ನಮ್ಮ ಘಟಕದಲ್ಲಿ ಇದನ್ನು ಆರಂಭಿಸಿದ ಮೇಲೆ ಆ ಚಾಲಕರು ವಾರಕ್ಕೆ ಕಾಯುವುದು 2 ಗಂಟೆಯಿಂದ 50 ನಿಮಿಷಕ್ಕೆ ಇಳಿದಿದೆ. ರಾತ್ರಿ 8ರ ನಂತರ ಬರುವ ಸರಕನ್ನು ಮರುದಿನ ಬೆಳಿಗ್ಗೆಗೆ ತರುವಂತೆ ನಮ್ಮ ಪೂರೈಕೆದಾರರಿಗೆ ತಿಳಿಸಿದ್ದೇವೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಒಪ್ಪಿಲ್ಲ.

ಭಾನುವಾರ ಬಿಟ್ಟರೂ ಅವರ ವಾರ 72 ಗಂಟೆಯದು, ಶನಿವಾರದ 13 ಗಂಟೆ ಹಾಗೆಯೇ ಉಳಿದಿದೆ. ಆಯುಧಪೂಜೆಯ ಹಿಂದಿನ ಎರಡು ವಾರ ಬಾಡಿಗೆ ಬಿಡುವಿಲ್ಲದಿರುವುದರಿಂದ ಆಗ ಭಾನುವಾರವೂ ವಾಹನ ತೆಗೆದು, ಪೇಟೆ ತಣ್ಣಗಾಗುವ ನಂತರದ ವಾರದಲ್ಲಿ ಎರಡು ದಿನ ಊರಿಗೆ ಹೋಗಿಬರುವುದೆಂದು ಅವರು ಈಗಲೇ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಗುರುತು ಹಾಕಿಕೊಂಡಿದ್ದಾರೆ.